ಒತ್ತಕ್ಷರವು ಏಕೆ ಒಡೆಯುತ್ತದೆ?

ಪ್ರಶಸ್ತಿಪತ್ರ, ಆಮಂತ್ರಣ, ಭಿತ್ತಿಪತ್ರ ಮೊದಲಾದವುಗಳ ಮೇಲೆ ನೂರಾರು ಹೆಸರುಗಳನ್ನು ಗಣಕಯಂತ್ರದಿಂದಲೇ ಬರೆಯಿಸುವುದು ಈಗ ಸಾಮಾನ್ಯವಾಗಿದೆ. ಪೈಥಾನ್ ಭಾಷೆಯಲ್ಲಿ ಈ ಕೆಲಸಕ್ಕೆ ಬಹಳವಾಗಿ ಬಳಕೆಯಲ್ಲಿರುವ ಉಪಕರಣ ಪಿಲ್ಲೋ. ಒಂದು ಚಿತ್ರ, ಒಂದು ಫಾಂಟು, ಬರೆಯಬೇಕಾದ ಪದ ಈ ಮೂರನ್ನೂ ಒದಗಿಸಿದರೆ ಅದು ಪದವನ್ನು ಚಿತ್ರದ ಮೇಲೆ ಮೂಡಿಸುತ್ತದೆ. ‘ಕಮಲ’ ಎಂದು ಬರೆಯಲು ಹೇಳಿದರೆ ಕಮಲ ಎಂದೇ ಬರುತ್ತದೆ. ಆದರೆ ‘ಶಕ್ತಿ’ ಎಂದು ಬರೆಯಲು ಹೇಳಿದಾಗ ಕೆಲವು ಯಂತ್ರಗಳಲ್ಲಿ ಕಕಾರದ ಕೆಳಗೆ ತಕಾರದ ಒತ್ತು ಬರುವುದೇ ಇಲ್ಲ. ಕಕಾರ, ತಕಾರಗಳೆರಡೂ ತಲೆಕಟ್ಟಿನೊಡನೆ ಅಕ್ಕಪಕ್ಕದಲ್ಲಿ ನಿಲ್ಲುತ್ತವೆ. ಗುಡಿಸು ಅನಾಥವಾಗಿ ಕೊನೆಯಲ್ಲಿ ಬಿದ್ದಿರುತ್ತದೆ. ಆಶ್ಚರ್ಯವೆಂದರೆ ಯಂತ್ರವು ಯಾವ ದೋಷವನ್ನೂ ಸೂಚಿಸುವುದಿಲ್ಲ. ಪತ್ರಗಳೆಲ್ಲ ಅಚ್ಚಾಗಿ, ಹೆಸರಿನ ಒಡೆಯರ ಕೈ ಸೇರಿದ ಮೇಲೆಯೇ ತಪ್ಪು ಬೆಳಕಿಗೆ ಬರುವುದುಂಟು. ಇದರ ಕಾರಣವೇನೆಂಬುದನ್ನು ವಿಚಾರಮಾಡೋಣ.

ಮೊದಲು ತಿಳಿಯಬೇಕಾದದ್ದು, ಗಣಕಯಂತ್ರದ ಸ್ಮೃತಿಯಲ್ಲಿ ಇರುವುದು ಅಕ್ಷರಗಳ ಆಕಾರವಲ್ಲ, ಸಂಖ್ಯೆಗಳು ಎಂಬುದು. ಯೂನಿಕೋಡ್ ಪದ್ಧತಿಯಲ್ಲಿ ‘ಶಕ್ತಿ’ ಎಂಬ ಪದ ಐದು ಸಂಕೇತಗಳ ಸಾಲು: ಶ (U+0CB6), ಕ (U+0C95), ವಿರಾಮಚಿಹ್ನೆ (U+0CCD), ತ (U+0CA4), ಗುಡಿಸು (U+0CBF). ಈ ಕ್ರಮ ಉಚ್ಚಾರಣೆಯ ಕ್ರಮವೇ ಆಗಿದೆ. ಕಕಾರದ ಸ್ವರ ಅಡಗಿ ತಕಾರ ಬರುತ್ತದೆ, ಆಮೇಲೆ ಇಕಾರ ಕೇಳಿಸುತ್ತದೆ. ಆದರೆ ನಾವು ಬರೆಯುವ ಕ್ರಮ ಬೇರೆ. ಬರೆಯುವಾಗ ಗುಡಿಸನ್ನು ತಕಾರಕ್ಕೆ ಕೊಡದೆ ಕಕಾರಕ್ಕೆ ಕೊಟ್ಟು ‘ಕಿ’ ಎಂದು ಮಾಡಿ, ಅದಕ್ಕೆ ತಕಾರದ ಒತ್ತನ್ನು ಸೇರಿಸುತ್ತೇವೆ. ಕಿವಿಗೆ ತಕಾರದ ಮೇಲಿರುವ ಸ್ವರ ಕಣ್ಣಿಗೆ ಕಕಾರದ ಮೇಲಿದೆ! ಕನ್ನಡ ಲಿಪಿಯ ಈ ಗುಣವೇ ನಮ್ಮ ಪ್ರಶ್ನೆಯ ಬೀಜ.

ಹಳೆಯ ಮುದ್ರಣಾಲಯವನ್ನು ಇಲ್ಲಿ ನೆನೆಯಬಹುದು. ಅಲ್ಲಿ ಅಚ್ಚಿನ ಮೊಳೆಗಳನ್ನು ಮನೆಮನೆಯಾಗಿ ವಿಂಗಡಿಸಿಟ್ಟ ಪೆಟ್ಟಿಗೆಯಿರುತ್ತಿತ್ತು, ಮೊಳೆ ಜೋಡಿಸುವವನಿರುತ್ತಿದ್ದನು, ಮಸಿ ಹಚ್ಚಿ ಒತ್ತುವ ಯಂತ್ರವಿರುತ್ತಿತ್ತು. ಹಸ್ತಪ್ರತಿಯಲ್ಲಿ ‘ಶಕ್ತಿ’ ಎಂದು ಕಂಡೊಡನೆ ಜೋಡಿಸುವವನು ಶಕಾರದ ಮೊಳೆ, ‘ಕಿ’ ಮೊಳೆ, ತಕಾರದ ಒತ್ತಿನ ಮೊಳೆ ಇವನ್ನು ಆರಿಸಿಕೊಳ್ಳುತ್ತಿದ್ದನು. ಗಣಕಯಂತ್ರದಲ್ಲಿ ಫಾಂಟೇ ಮೊಳೆಗಳ ಪೆಟ್ಟಿಗೆ. ಒತ್ತುವ ಕೆಲಸವನ್ನು ಫ್ರೀಟೈಪ್ ಎಂಬ ಭಾಗ ಮಾಡುತ್ತದೆ. ಜೋಡಿಸುವವನ ಸ್ಥಾನದಲ್ಲಿರತಕ್ಕದ್ದು ಹಾರ್ಫ್‌ಬಜ್ ಎಂಬ ಅಕ್ಷರಸಂಯೋಜಕ. ಪಿಲ್ಲೋ ಇದನ್ನು ರಾಕ್ಮ್ ಎಂಬ ಮಧ್ಯವರ್ತಿಯ ಮೂಲಕ ಕರೆಯುತ್ತದೆ.

ಸಂಯೋಜಕನಿಲ್ಲದಿದ್ದರೆ ಪಿಲ್ಲೋ ತನ್ನ ಸರಳ ಕ್ರಮವನ್ನು ಅನುಸರಿಸುತ್ತದೆ. ಒಂದು ಸಂಕೇತಕ್ಕೆ ಒಂದು ಆಕಾರವನ್ನು ಫಾಂಟಿನಿಂದ ತೆಗೆದು ಎಡದಿಂದ ಬಲಕ್ಕೆ ಇಡುತ್ತ ಹೋಗುವುದೇ ಆ ಕ್ರಮ. ‘ಕಮಲ’ದಲ್ಲಿ ಇದರಿಂದ ಬಾಧಕವಿಲ್ಲ, ಏಕೆಂದರೆ ಅಲ್ಲಿ ಸಂಕೇತದ ಕ್ರಮವೂ ಬರಹದ ಕ್ರಮವೂ ಒಂದೇ. ‘ಶಕ್ತಿ’ಯಲ್ಲಿ ಐದು ಸಂಕೇತಗಳಿಗೆ ಐದು ಬಿಡಿ ಆಕಾರಗಳು ಬಂದು ನಿಲ್ಲುತ್ತವೆ. ‘ಕಿ’ ಎಂಬ ಕೂಡಿದ ಆಕಾರವೂ ತಕಾರದ ಒತ್ತೂ ಫಾಂಟಿನೊಳಗೇ ಇವೆ. ಆದರೆ ಅವುಗಳಿಗೆ ಸ್ವಂತ ಸಂಕೇತಸಂಖ್ಯೆ ಇಲ್ಲದ ಕಾರಣ ಈ ದಾರಿಯಿಂದ ಅವನ್ನು ತಲುಪಲಾಗುವುದಿಲ್ಲ.

ಸಂಯೋಜಕನಿದ್ದಾಗ ನಡೆಯುವುದೇ ಬೇರೆ. ಅದು ಮೊದಲು ಪದವನ್ನು ‘ಶ’ ಮತ್ತು ‘ಕ್ತಿ’ ಎಂಬ ಎರಡು ಅಕ್ಷರಗುಚ್ಛಗಳಾಗಿ ವಿಭಾಗಿಸುತ್ತದೆ. ಎರಡನೆಯ ಗುಚ್ಛದಲ್ಲಿ ಕಕಾರವನ್ನು ಮೂಲವ್ಯಂಜನವೆಂದು ನಿರ್ಣಯಿಸಿ, ಗುಡಿಸನ್ನು ಒತ್ತಿನ ಹಿಂದಕ್ಕೆ, ಎಂದರೆ ಕಕಾರದ ಮಗ್ಗುಲಿಗೆ ತರುತ್ತದೆ. ಬಳಿಕ ಫಾಂಟಿನೊಳಗಿರುವ ಆದೇಶದ ಕೋಷ್ಟಕವನ್ನು ನೋಡುತ್ತದೆ. ‘ವಿರಾಮಚಿಹ್ನೆಯೂ ತಕಾರವೂ ಸೇರಿದರೆ ತಕಾರದ ಒತ್ತು’, ‘ಕಕಾರವೂ ಗುಡಿಸೂ ಸೇರಿದರೆ ಕಿ’ ಎಂಬಂಥ ನಿಯಮಗಳು ಅಲ್ಲಿವೆ. ವ್ಯಾಕರಣದಲ್ಲಿ ಒಂದು ವರ್ಣದ ಸ್ಥಾನದಲ್ಲಿ ಇನ್ನೊಂದು ಆದೇಶವಾಗಿ ಬರುವಂತೆ ಇಲ್ಲಿ ಆಕಾರದ ಸ್ಥಾನದಲ್ಲಿ ಆಕಾರ ಬರುತ್ತದೆ. ಹೀಗೆ ಐದು ಸಂಕೇತಗಳು ಸಾಮಾನ್ಯವಾಗಿ ಮೂರೇ ಆಕಾರಗಳಾಗುತ್ತವೆ.

‘ಸೂರ್ಯ’ ಎಂಬ ಪದದಲ್ಲಿ ಸ್ಥಾನಪಲ್ಲಟ ಇನ್ನೂ ಸ್ಪಷ್ಟವಾಗಿದೆ. ಸಂಕೇತದಲ್ಲಿ ರಕಾರ ಮೊದಲು, ಯಕಾರ ಆಮೇಲೆ. ಬರಹದಲ್ಲಿ ಯಕಾರವೇ ಮುಂದೆ ಬಂದು, ರಕಾರವು ಅರ್ಕಾವೊತ್ತಾಗಿ ಅದರ ಬಲಕ್ಕೆ ಸರಿಯುತ್ತದೆ. ಸರಳ ಕ್ರಮದಲ್ಲಿ ಅರ್ಕಾವೊತ್ತು ಹುಟ್ಟುವ ಸಂಭವವೇ ಇಲ್ಲ.

ಆದುದರಿಂದ ಕೆಲಸಕ್ಕೆ ತೊಡಗುವ ಮುನ್ನ ಸಂಯೋಜಕನಿದ್ದಾನೆಯೇ ಎಂದು ಪರೀಕ್ಷಿಸತಕ್ಕದ್ದು. ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಮಾಡುವಂತೆ ಅಳೆದೇ ನೋಡೋಣ:

```python
from PIL import ImageFont, features

print(features.check("raqm"))
L = ImageFont.Layout
for e in (L.BASIC, L.RAQM):
    f = ImageFont.truetype("NotoSansKannada-Regular.ttf",
                           64, layout_engine=e)
    print(f.getlength("ಶಕ್ತಿ"))
```

ಮೊದಲನೆಯ ಉತ್ತರ `True` ಎಂದಿರಬೇಕು. ಆಮೇಲೆ ಬರುವ ಎರಡು ಸಂಖ್ಯೆಗಳು, ಸರಳ ಕ್ರಮದಲ್ಲಿಯೂ ಸಂಯೋಜಿತ ಕ್ರಮದಲ್ಲಿಯೂ ಪದವು ಆಕ್ರಮಿಸುವ ಅಗಲ. ತಕಾರವು ಒತ್ತಾಗಿ ಕುಗ್ಗುವುದರಿಂದ ಎರಡನೆಯದು ಕಡಮೆಯಾಗಿರಬೇಕು. ಎರಡೂ ಸಮವಾಗಿದ್ದರೆ, ನಾವು ರಾಕ್ಮನ್ನು ಕೇಳಿದ್ದರೂ ಪಿಲ್ಲೋ ಸರಳ ಕ್ರಮಕ್ಕೇ ಹಿಂತಿರುಗಿದೆ ಎಂದರ್ಥ. ಪರೀಕ್ಷೆಗೆ ‘ಕಮಲ’ದಂಥ ಪದ ಪ್ರಯೋಜನಕ್ಕೆ ಬಾರದು, ಅದು ಎರಡು ಕ್ರಮದಲ್ಲಿಯೂ ಸರಿಯಾಗಿಯೇ ಕಾಣುತ್ತದೆ.

ಚಿತ್ರದ ಮೇಲೆ ಬರೆಯುವಾಗ ಇನ್ನೊಂದು ಎಚ್ಚರಿಕೆಯನ್ನೂ ಇಟ್ಟುಕೊಳ್ಳಬಹುದು. ಬರೆಯುವ ಆಜ್ಞೆಯಲ್ಲಿ `language="kn"` ಎಂದು ಸೇರಿಸಿದರೆ, ರಾಕ್ಮ್ ಇಲ್ಲದ ಕಡೆ ಪಿಲ್ಲೋ ತಪ್ಪಾಗಿ ಬರೆಯುವುದಕ್ಕೆ ಬದಲಾಗಿ ದೋಷವನ್ನು ಸಾರಿ ನಿಲ್ಲುತ್ತದೆ. ತಪ್ಪು ಹೆಸರು ಅಚ್ಚಾಗುವುದಕ್ಕಿಂತ ಕೆಲಸ ನಿಲ್ಲುವುದೇ ಲೇಸು.

ರಾಕ್ಮ್ ಇಲ್ಲವೆಂದು ತಿಳಿದರೆ ಕಾರಣ ಬಹುಮಟ್ಟಿಗೆ ಫ್ರಿಬಿಡಿ ಎಂಬ ಇನ್ನೊಂದು ಸಹಾಯಕ ಭಾಗ. ಎಡದಿಂದ ಬಲಕ್ಕೂ ಬಲದಿಂದ ಎಡಕ್ಕೂ ಸಾಗುವ ಲಿಪಿಗಳ ದಿಕ್ಕನ್ನು ನಿರ್ಣಯಿಸುವುದು ಅದರ ಕೆಲಸ. ಕನ್ನಡಕ್ಕೆ ಅದರ ಅಗತ್ಯ ಅಲ್ಪವಾದರೂ ಅದಿಲ್ಲದೆ ರಾಕ್ಮ್ ನಡೆಯದು. 2021 ರಲ್ಲಿ ಬಂದ 8.2.0 ಆವೃತ್ತಿಯಿಂದ ಪಿಲ್ಲೋವಿನ ಸಿದ್ಧಪ್ರತಿಗಳಲ್ಲಿ ರಾಕ್ಮ್ ಅಡಕವಾಗಿಯೇ ಬರುತ್ತದೆ. ಆದರೆ ಫ್ರಿಬಿಡಿಯನ್ನು ಅದು ಯಂತ್ರದಲ್ಲಿ ಹುಡುಕಿಕೊಳ್ಳುತ್ತದೆ. ವಿಂಡೋಸ್ ಯಂತ್ರದಲ್ಲಿ `fribidi.dll` ಎಂಬ ಕಡತ ಸಿಕ್ಕದಿದ್ದರೆ ಸಂಯೋಜಕನೂ ಇಲ್ಲದಂತಾಗುತ್ತದೆ. ಒಂದು ಯಂತ್ರದಲ್ಲಿ ಸರಿಯಾದ ಬರಹ ಮತ್ತೊಂದರಲ್ಲಿ ಒಡೆಯುವುದು ಅನೇಕವೇಳೆ ಇದರಿಂದಲೇ.

ಸಂಯೋಜಕನಿಂದ ಆಗದ ಕೆಲಸಗಳೂ ಇವೆ. ಅಕ್ಷರಗಳ ಬದಲು ಖಾಲಿ ಚೌಕಗಳು ಕಂಡರೆ ಅದು ಫಾಂಟಿನಲ್ಲಿ ಕನ್ನಡವೇ ಇಲ್ಲದಿರುವುದರ ಗುರುತು. ಅಲ್ಲಿ ಬದಲಾಯಿಸಬೇಕಾದದ್ದು ಪೆಟ್ಟಿಗೆ, ಜೋಡಿಸುವವನಲ್ಲ. ಹಾಗೆಯೇ, ಸಾಲು ಉದ್ದವಾಯಿತೆಂದು ಸಂಕೇತಗಳನ್ನು ಎಣಿಸಿ ಪದವನ್ನು ನಡುವೆ ಕತ್ತರಿಸಿದರೆ, ಅಥವಾ ಅಕ್ಷರಗಳ ನಡುವೆ ಎಡೆಬಿಡಲು ಒಂದೊಂದು ಸಂಕೇತವನ್ನೂ ಪ್ರತ್ಯೇಕವಾಗಿ ಬರೆಯಿಸಿದರೆ, ಒತ್ತಕ್ಷರ ಸಂಯೋಜಕನ ಕೈ ಸೇರುವ ಮೊದಲೇ ಒಡೆದಿರುತ್ತದೆ. ವಿರಾಮಚಿಹ್ನೆಯೂ ತಕಾರವೂ ಒಂದೇ ಆಜ್ಞೆಯಲ್ಲಿ ಜೊತೆಯಾಗಿ ಹೋದರೆ ಮಾತ್ರ ಅವೆರಡೂ ಕೂಡಿ ಒತ್ತಾಗಬಲ್ಲವು. ಆದಕಾರಣ ಸಾಲನ್ನು ಮುರಿಯುವುದಾದರೆ ಪದಗಳ ನಡುವಣ ತೆರಪಿನಲ್ಲಿಯೇ ಮುರಿಯಬೇಕು.