ವಿದೇಶಿ ಖರೀದಿದಾರರನ್ನು ಹಿರಿಯೂರಿಗೆ ಕರೆಸಲು ಆಹ್ವಾನ ಪತ್ರ ಹೀಗಿರಲಿ

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಭಾಗದ ತೆಂಗಿನ ತೋಟಗಳಿಂದ ಬರುವ ಕಾಯಿ ಸಿಪ್ಪೆ ನಾರಾಗುತ್ತದೆ, ನಾರಿನ ಪುಡಿ ಕೋಕೋಪೀಟ್ ಇಟ್ಟಿಗೆಯಾಗುತ್ತದೆ. ಮಣ್ಣಿಲ್ಲದೆ ಹೂವು, ತರಕಾರಿ ಬೆಳೆಯುವ ಯುರೋಪಿನ ಹಸಿರುಮನೆಗಳು ಇದನ್ನು ಕೊಳ್ಳುತ್ತವೆ. ದೊಡ್ಡ ಆರ್ಡರ್ ಕೊಡುವ ಮುನ್ನ ಖರೀದಿದಾರರ ಪ್ರತಿನಿಧಿ ಘಟಕವನ್ನು ಕಣ್ಣಾರೆ ನೋಡಬೇಕೆನ್ನುವುದು ಸಹಜ. ಹಾಗೆ ಬರಲು ಅವರಿಗೆ ಬಿಸಿನೆಸ್ ವೀಸಾ ಬೇಕು. ಅದಕ್ಕೆ ನಿಮ್ಮ ಆಹ್ವಾನ ಪತ್ರವೇ ಮುಖ್ಯ ಆಧಾರ.

ಹಿರಿಯೂರಿನ ಒಂದು ಕೋಕೋಪೀಟ್ ಘಟಕಕ್ಕೆ ನೆದರ್‌ಲ್ಯಾಂಡ್ಸ್‌ನ ಖರೀದಿ ವ್ಯವಸ್ಥಾಪಕರೊಬ್ಬರು ಅಕ್ಟೋಬರ್ 12ರಿಂದ 17ರವರೆಗೆ ಬರುತ್ತಾರೆ ಎಂದಿಟ್ಟುಕೊಂಡು ಒಂದೊಂದೇ ಹೆಜ್ಜೆ ನೋಡೋಣ.

1. ಬರುವ ಉದ್ದೇಶವನ್ನು ಮೊದಲು ಖಚಿತಪಡಿಸಿಕೊಳ್ಳಿ

ಸರಕಿನ ಗುಣಮಟ್ಟ ನೋಡುವುದು, ತಮಗೆ ಎಂಥ ಮಾಲು ಬೇಕೆಂದು ವಿವರಿಸುವುದು, ದರ ಮಾತಾಡುವುದು, ಆರ್ಡರ್ ಕೊಡುವುದು ಬಿಸಿನೆಸ್ ವೀಸಾದಡಿ ಬರುವ ಕೆಲಸಗಳು. ಅತಿಥಿ ಇಲ್ಲಿ ದುಡಿಯಲು ಬರುವುದಾದರೆ, ಅಂದರೆ ಗುತ್ತಿಗೆಯಂತೆ ಯಂತ್ರ ಜೋಡಿಸಲು ಅಥವಾ ಕಾರ್ಮಿಕರಿಗೆ ದಿನವೂ ತರಬೇತಿ ಕೊಡಲು ಬರುವುದಾದರೆ ನಿಯಮ ಬೇರೆ. ಅಂಥ ಸಂದರ್ಭದಲ್ಲಿ ಯಾವ ವೀಸಾ ಬೇಕೆಂದು ಅವರ ದೇಶದಲ್ಲಿರುವ ಭಾರತೀಯ ರಾಯಭಾರ ಕಚೇರಿಯನ್ನು ಕೇಳಿಕೊಂಡೇ ಪತ್ರ ಬರೆಯಬೇಕು. ಪ್ರವಾಸಿ ವೀಸಾದಲ್ಲಿ ಬಂದು ವ್ಯಾಪಾರ ಮುಗಿಸಿ ಹೋಗಲಿ ಎಂಬ ಸಲಹೆಯನ್ನು ಯಾರು ಕೊಟ್ಟರೂ ಒಪ್ಪಬೇಡಿ.

2. ಪತ್ರ ಯಾರ ಹೆಸರಿನಲ್ಲಿ ಹೋಗಬೇಕು?

ರಫ್ತು ಮಾಡುವ ಸಂಸ್ಥೆ ನಿಮ್ಮದೇ ಆಗಿದ್ದು, ಆಮದು-ರಫ್ತು ಕೋಡ್ ಅಂದರೆ ಐಇಸಿ ನಿಮ್ಮ ಹೆಸರಿನಲ್ಲಿದ್ದರೆ ನೀವೇ ಬರೆಯಿರಿ. ನೀವು ಬೇರೊಬ್ಬ ರಫ್ತುದಾರರ ಮೂಲಕ ಮಾಲು ಕಳಿಸುವವರಾದರೆ ವಿದೇಶಿ ಕಂಪನಿಯ ವ್ಯವಹಾರ ಇರುವುದು ಅವರೊಂದಿಗೆ. ಆಗ ಆಹ್ವಾನ ಪತ್ರ ಅವರಿಂದ ಹೋಗಲಿ, ಭೇಟಿಯ ಸ್ಥಳಗಳಲ್ಲಿ ನಿಮ್ಮ ಘಟಕದ ಹೆಸರಿರಲಿ. ಸಹಿಯನ್ನು ಮಾಲೀಕರು, ಪಾಲುದಾರರು ಅಥವಾ ನಿರ್ದೇಶಕರು ಹಾಕಬೇಕು.

3. ಅತಿಥಿಯಿಂದ ಪಾಸ್‌ಪೋರ್ಟ್ ಪುಟ ತರಿಸಿಕೊಳ್ಳಿ

ಇಮೇಲ್‌ನಲ್ಲಿ ಅವರು ಬಳಸುವ ಹೆಸರು ಚಿಕ್ಕದಾಗಿರಬಹುದು. ಪಾಸ್‌ಪೋರ್ಟಿನಲ್ಲಿ ನಡುಹೆಸರು, ಕುಟುಂಬದ ಹೆಸರು ಎಲ್ಲ ಇರುತ್ತವೆ. ಪತ್ರದಲ್ಲಿ ಪಾಸ್‌ಪೋರ್ಟಿನ ಹೆಸರನ್ನೇ ಅಕ್ಷರ ಬಿಡದೆ ಬರೆಯಿರಿ. ಭಾರತಕ್ಕೆ ಬಂದಿಳಿಯುವ ದಿನದಿಂದ ಕನಿಷ್ಠ 6 ತಿಂಗಳು ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು, ಅದರಲ್ಲಿ 2 ಖಾಲಿ ಪುಟಗಳಿರಬೇಕು. ಇಷ್ಟನ್ನು ಈಗಲೇ ನೋಡಿಕೊಂಡರೆ ಮುಂದೆ ಅರ್ಜಿ ನಿಲ್ಲುವುದು ತಪ್ಪುತ್ತದೆ.

4. ಪತ್ರ ಬರೆಯುವ ಕ್ರಮ

ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ, ಇಂಗ್ಲಿಷಿನಲ್ಲಿ, ಒಂದೇ ಪುಟಕ್ಕೆ ಮುಗಿಯುವಂತೆ ಬರೆಯಿರಿ. ಮೇಲ್ಭಾಗದಲ್ಲಿ ಪೂರ್ಣ ವಿಳಾಸ, ಫೋನ್, ಇಮೇಲ್, ಜಿಎಸ್‌ಟಿ ನೋಂದಣಿ ಸಂಖ್ಯೆ, ಐಇಸಿ ಸಂಖ್ಯೆ ಇರಲಿ. ದಿನಾಂಕದಲ್ಲಿ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. 10/12 ಎಂದು ಬರೆದರೆ ಒಬ್ಬರಿಗೆ ಅಕ್ಟೋಬರ್, ಇನ್ನೊಬ್ಬರಿಗೆ ಡಿಸೆಂಬರ್. ನಮ್ಮ ಉದಾಹರಣೆಯ ಪತ್ರದ ಸಾರ ಕನ್ನಡದಲ್ಲಿ ಹೀಗಿರುತ್ತದೆ:

> ವೀಸಾ ಅಧಿಕಾರಿಗಳಿಗೆ, ಭಾರತೀಯ ರಾಯಭಾರ ಕಚೇರಿ, ಹೇಗ್.
>
> ವಿಷಯ: ವ್ಯಾಪಾರ ಭೇಟಿಗೆ ಆಹ್ವಾನ. ಹೆಸರು ……, ಪಾಸ್‌ಪೋರ್ಟ್ ಸಂಖ್ಯೆ ……
>
> ನಾವು ಹಿರಿಯೂರಿನಲ್ಲಿ ಕೋಕೋಪೀಟ್ ತಯಾರಿಸಿ ರಫ್ತು ಮಾಡುವವರು. …… ಕಂಪನಿಗೆ …… ವರ್ಷದಿಂದ ಸರಕು ಪೂರೈಸುತ್ತಿದ್ದೇವೆ. ಆ ಕಂಪನಿಯ ಖರೀದಿ ವ್ಯವಸ್ಥಾಪಕರಾದ …… (ರಾಷ್ಟ್ರೀಯತೆ, ಜನ್ಮ ದಿನಾಂಕ, ಪಾಸ್‌ಪೋರ್ಟ್ ನೀಡಿದ ಮತ್ತು ಮುಗಿಯುವ ದಿನಾಂಕ) ಅವರನ್ನು ಅಕ್ಟೋಬರ್ 12ರಿಂದ 17ರವರೆಗೆ ಆಹ್ವಾನಿಸಿದ್ದೇವೆ.
>
> ಹಿರಿಯೂರಿನ ನಮ್ಮ ಘಟಕದಲ್ಲಿ ಸರಕಿನ ಗುಣಮಟ್ಟ ಪರಿಶೀಲಿಸುವುದು, ಹೊಸದುರ್ಗ ಮತ್ತು ಹೊಳಲ್ಕೆರೆಯಲ್ಲಿ ನಮಗೆ ನಾರಿನ ಪುಡಿ ಪೂರೈಸುವವರನ್ನು ಭೇಟಿಯಾಗುವುದು, ಮುಂದಿನ ವರ್ಷದ ಖರೀದಿಯ ಮಾತುಕತೆ ನಡೆಸುವುದು ಭೇಟಿಯ ಉದ್ದೇಶ. ವಸತಿ ಚಿತ್ರದುರ್ಗದಲ್ಲಿ.
>
> ವಿಮಾನ ಮತ್ತು ವಸತಿಯ ವೆಚ್ಚ ಅವರ ಕಂಪನಿಯದು. ಸ್ಥಳೀಯ ಪ್ರಯಾಣದ ವೆಚ್ಚ ನಮ್ಮದು. ಅವರು ಇಲ್ಲಿ ಉದ್ಯೋಗ ಮಾಡುವುದಿಲ್ಲ. ಭೇಟಿ ಮುಗಿದ ಮೇಲೆ ಮರಳುತ್ತಾರೆ.
>
> ಸಹಿ, ಹೆಸರು, ಹುದ್ದೆ, ಮೊಬೈಲ್ ಸಂಖ್ಯೆ, ಮೊಹರು.

ಇದರಲ್ಲಿ ಉದ್ದೇಶದ ಸಾಲೇ ತೂಕದ್ದು. "ವ್ಯಾಪಾರ ಸಂಬಂಧ ಭೇಟಿ" ಎಂದಷ್ಟೇ ಬರೆದರೆ ಅಧಿಕಾರಿಗೆ ಏನೂ ತಿಳಿಯದು. "ತಾಂತ್ರಿಕ ಸಹಾಯ" ಎಂದು ಬರೆದರೆ ಅತಿಥಿ ಕೆಲಸಕ್ಕೆ ಬರುತ್ತಿದ್ದಾರೆಂಬ ಅನುಮಾನ ಹುಟ್ಟುತ್ತದೆ. ಎಲ್ಲಿ, ಯಾರನ್ನು, ಯಾತಕ್ಕಾಗಿ ನೋಡುತ್ತಾರೆಂದು ಬಿಡಿಸಿ ಬರೆಯಿರಿ. ವೆಚ್ಚದ ವಿಷಯದಲ್ಲೂ ನಿಜವಾಗಿ ಭರಿಸುವಷ್ಟನ್ನೇ ಹೇಳಿ. ಸೌಜನ್ಯಕ್ಕೆಂದು "ಎಲ್ಲ ಖರ್ಚೂ ನಮ್ಮದೇ" ಎಂದು ಬರೆದು, ಅತಿಥಿಯ ಕಂಪನಿ ತನ್ನ ಪತ್ರದಲ್ಲಿ ಬೇರೆ ಹೇಳಿದರೆ ಎರಡೂ ಪತ್ರಗಳ ಮೇಲಿನ ನಂಬಿಕೆ ಹೋಗುತ್ತದೆ.

5. ಜೊತೆಗೆ ಏನು ಕಳಿಸಬೇಕು?

ಜಿಎಸ್‌ಟಿ ನೋಂದಣಿ ಪತ್ರ, ಐಇಸಿ ಪ್ರತಿ ಮತ್ತು ಹಿಂದಿನ ವ್ಯವಹಾರದ ಒಂದೆರಡು ಇನ್‌ವಾಯ್ಸ್ ಸಾಕು. ಇನ್ನೂ ವ್ಯಾಪಾರ ಕುದುರಿಲ್ಲದಿದ್ದರೆ ಮಾದರಿ ಸರಕು ಕಳಿಸಿದ ದಾಖಲೆ ಅಥವಾ ದರಪಟ್ಟಿ ಇಡಿ. ಎಲ್ಲವನ್ನೂ ಸ್ಪಷ್ಟವಾಗಿ ಸ್ಕ್ಯಾನ್ ಮಾಡಿ ಪಿಡಿಎಫ್ ರೂಪದಲ್ಲಿ ಅತಿಥಿಗೆ ಇಮೇಲ್ ಮಾಡಿ. ಕಾಗದದ ವೀಸಾ ಆದರೆ ಮೂಲ ಪತ್ರ ಬೇಕೇ ಎಂದು ಅವರು ವಿಚಾರಿಸಿಕೊಳ್ಳಲಿ.

6. ಅತಿಥಿ ಅರ್ಜಿ ಹಾಕುವಾಗ

ಹಲವು ದೇಶಗಳ ನಾಗರಿಕರು, ನೆದರ್‌ಲ್ಯಾಂಡ್ಸ್‌ನವರೂ ಸೇರಿ, ಇ-ಬಿಸಿನೆಸ್ ವೀಸಾಕ್ಕೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಸರ್ಕಾರದ ತಾಣ indianvisaonline.gov.in. ಅದನ್ನೇ ಹೋಲುವ ಖಾಸಗಿ ತಾಣಗಳು ಹೆಚ್ಚು ಹಣ ಕೀಳುತ್ತವೆ, ಆದ್ದರಿಂದ ವಿಳಾಸವನ್ನು ನೀವೇ ಬರೆದು ಕಳಿಸಿ. ಬಂದಿಳಿಯಲು ಕನಿಷ್ಠ 4 ದಿನ ಮೊದಲು ಅರ್ಜಿ ಹಾಕಬೇಕೆಂಬುದು ನಿಯಮ. ಆದರೂ ಎರಡು ಮೂರು ವಾರ ಮುಂಚೆ ಹಾಕಿದರೆ ತಪ್ಪು ತಿದ್ದಲು ಸಮಯ ಉಳಿಯುತ್ತದೆ.

ಅರ್ಜಿಯಲ್ಲಿ ಭಾರತೀಯ ಸಂಸ್ಥೆಯ ಹೆಸರು, ವಿಳಾಸ, ಫೋನ್ ಕೇಳುತ್ತಾರೆ. ಪತ್ರದಲ್ಲಿ ಇರುವುದನ್ನೇ ಅಲ್ಲೂ ತುಂಬಬೇಕು. ಪತ್ರದಲ್ಲಿ ಸರಕು ಪರಿಶೀಲನೆ ಮತ್ತು ಖರೀದಿ ಎಂದಿದ್ದು, ಅರ್ಜಿಯಲ್ಲಿ ನೌಕರರ ನೇಮಕಾತಿ ಎಂದು ಆರಿಸಿದರೆ ತೊಡಕಾಗುತ್ತದೆ. ಅರ್ಜಿಯ ಸ್ಥಿತಿ GRANTED ಎಂದು ಕಾಣುವವರೆಗೆ ಅತಿಥಿ ವಿಮಾನ ಹತ್ತಬಾರದು. ದಿನಾಂಕ ಬದಲಾದರೆ ಹಳೆಯ ಪತ್ರದಲ್ಲಿ ಪೆನ್ನಿನಿಂದ ತಿದ್ದದೆ ಹೊಸ ಪತ್ರ ಕಳಿಸಿ.

7. ಬಂದ ಮೇಲೆ ನಿಮ್ಮ ಹೊಣೆ

ಇ-ವೀಸಾದಲ್ಲಿ ವಿಮಾನದ ಮೂಲಕ ಬರುವವರು ನಿಗದಿತ ವಿಮಾನ ನಿಲ್ದಾಣಗಳಲ್ಲೇ ಇಳಿಯಬೇಕು, ಬೆಂಗಳೂರು ಅವುಗಳಲ್ಲೊಂದು. ಅಲ್ಲಿಂದ ಹಿರಿಯೂರು, ಚಿತ್ರದುರ್ಗಕ್ಕೆ ರಾಷ್ಟ್ರೀಯ ಹೆದ್ದಾರಿ 48 ನೇರ ದಾರಿ. ಇಮಿಗ್ರೇಷನ್ ಕೌಂಟರಿನಲ್ಲಿ ಎಲ್ಲಿಗೆ, ಯಾರ ಬಳಿಗೆ ಎಂದು ಕೇಳಬಹುದು. ಆಹ್ವಾನ ಪತ್ರದ ಮುದ್ರಿತ ಪ್ರತಿ ಅತಿಥಿಯ ಕೈಯಲ್ಲಿರಲಿ, ಪತ್ರದಲ್ಲಿ ಕೊಟ್ಟ ಮೊಬೈಲಿಗೆ ಆ ಹೊತ್ತಿನಲ್ಲಿ ನೀವು ಸಿಗುವಂತಿರಿ.

ವಿದೇಶಿಯರಿಗೆ ವಸತಿ ಕೊಟ್ಟವರು ಅವರ ವಿವರವನ್ನು 24 ಗಂಟೆಯೊಳಗೆ indianfrro.gov.in ತಾಣದ ಮೂಲಕ ಸಲ್ಲಿಸಬೇಕು. ವಾಡಿಕೆಯಲ್ಲಿ ಇದಕ್ಕೆ ಫಾರ್ಮ್ ಸಿ ಎನ್ನುತ್ತಾರೆ. ವಿದೇಶಿಯರು ಅಪರೂಪಕ್ಕೆ ಬರುವ ಲಾಡ್ಜ್‌ಗಳಿಗೆ ಇದರ ಲಾಗಿನ್ ಇರುವುದಿಲ್ಲ. ಕೊಠಡಿ ಕಾಯ್ದಿರಿಸುವಾಗಲೇ ಕೇಳಿಕೊಳ್ಳಿ. ತೋಟದ ಮನೆಯಲ್ಲಿ ಉಳಿಸಿಕೊಂಡರೆ ಆ ಹೊಣೆ ನಿಮ್ಮದೇ. ಗೊಂದಲವಾದರೆ ಚಿತ್ರದುರ್ಗದ ಜಿಲ್ಲಾ ಪೊಲೀಸ್ ಕಚೇರಿಯಲ್ಲಿ ವಿಚಾರಿಸಿ; ಜಿಲ್ಲೆಗಳಲ್ಲಿ ವಿದೇಶಿಯರ ನೋಂದಣಿ ಅಧಿಕಾರ ಪೊಲೀಸ್ ವರಿಷ್ಠಾಧಿಕಾರಿಯವರದು.

ಅತಿಥಿ ಮರಳಿದ ಮೇಲೆ ಆಹ್ವಾನ ಪತ್ರ, ವೀಸಾ ಪ್ರತಿ, ವಸತಿ ವಿವರ ಸಲ್ಲಿಸಿದ ರಸೀದಿ, ಮಾತುಕತೆಯ ಟಿಪ್ಪಣಿಯನ್ನು ಒಂದೇ ಫೈಲಿನಲ್ಲಿಡಿ. ಮುಂದಿನ ಸಲ ಅದೇ ಕಂಪನಿಯವರನ್ನು ಕರೆಸುವಾಗ "ಈ ಹಿಂದೆ ಇಂಥ ತಿಂಗಳು ಬಂದು, ಅವಧಿಯೊಳಗೆ ಮರಳಿದ್ದಾರೆ" ಎಂದು ಪತ್ರದಲ್ಲಿ ಸೇರಿಸಬಹುದು. ಆ ಮಾತಿಗೆ ದಾಖಲೆಯೂ ನಿಮ್ಮ ಬಳಿಯೇ ಇರುತ್ತದೆ.