ಕಡ್ಡಿ ಕಟ್ಟಿ, ಕಲ್ಲು ಇಟ್ಟು ಸ್ಥಾನಬೆಲೆ ಕಲಿಸೋಣ: ಹಂತ ಹಂತವಾಗಿ

ಚೆನ್ನೈ ಕಾರ್ಪೊರೇಷನ್ ಶಾಲೆಗಳಲ್ಲಿ 2003ರಲ್ಲಿ ಚಟುವಟಿಕೆ ಆಧಾರಿತ ಕಲಿಕೆ ಶುರುವಾದಾಗ ಮಕ್ಕಳು ನೆಲದ ಮೇಲೆ ಕೂತು, ವಸ್ತುಗಳನ್ನು ಕೈಯಲ್ಲಿ ಹಿಡಿದು ಗಣಿತ ಕಲಿಯತೊಡಗಿದರು. ಅದೇ ರೀತಿಯಲ್ಲಿ ನೀವೂ ಒಂದನೇ, ಎರಡನೇ ತರಗತಿಯ ಮಗುವಿಗೆ ಸ್ಥಾನಬೆಲೆ ಕಲಿಸಬಹುದು. ಮೊದಲ ಸಲ ಕಲಿಸುತ್ತಿದ್ದೀರಾ? ಭಯಪಡಬೇಡಿ. ತೆಂಗಿನ ಪೊರಕೆಯ ಕಡ್ಡಿಗಳನ್ನು ಬೆರಳುದ್ದಕ್ಕೆ ಮುರಿದು ಐವತ್ತು ಕಡ್ಡಿ ಮಾಡಿಕೊಳ್ಳಿ. ಹತ್ತು ರಬ್ಬರ್ ಬ್ಯಾಂಡ್, ಒಂದೇ ಗಾತ್ರದ ಇಪ್ಪತ್ತು ಕಲ್ಲು, ಒಂದು ಸೀಮೆಸುಣ್ಣ ಜೊತೆಗಿರಲಿ.

1. ಮಗುವಿನ ಪಕ್ಕದಲ್ಲಿ ಕೂತುಕೊಳ್ಳಿ. ಎದುರು ಕೂತರೆ ನಿಮ್ಮ ಎಡ ಮಗುವಿಗೆ ಬಲವಾಗುತ್ತದೆ. ನೀವು 35 ಎಂದು ಜೋಡಿಸಿದ್ದು ಅದಕ್ಕೆ 53 ಆಗಿ ಕಾಣುತ್ತದೆ.

2. ಮೂವತ್ತೈದು ಕಡ್ಡಿ ಸುರಿದು, ಎಣಿಸಲು ಹೇಳಿ. ನಡುವೆ ಲೆಕ್ಕ ತಪ್ಪಲಿ ಬಿಡಿ. ಹೀಗೆ ಒಂದೊಂದೇ ಎಣಿಸುವುದು ಕಷ್ಟ ಅಂತ ಮಗುವಿಗೇ ಅನ್ನಿಸಬೇಕು.

3. ಈಗ ಹತ್ತು ಹತ್ತಾಗಿ ಎಣಿಸಿ ರಬ್ಬರ್ ಬ್ಯಾಂಡ್ ಹಾಕಲಿ. ಕಟ್ಟುವುದು ಮಗುವೇ ಆಗಬೇಕು, ಇಲ್ಲಿ ಅವಸರ ಬೇಡ. ನೀವು ಮೊದಲೇ ಕಟ್ಟಿ ತಂದರೆ ಒಳಗೆ ಹತ್ತು ಇದೆ ಎಂಬುದನ್ನು ಅದು ಬರೀ ನಂಬುತ್ತದೆ, ಕಾಣುವುದಿಲ್ಲ. ಒಂದು ಕಟ್ಟಿನಲ್ಲಿ ಒಂಬತ್ತೇ ಇದ್ದರೆ ನೀವು ತಿದ್ದಬೇಡಿ, ಬಿಚ್ಚಿ ಮತ್ತೆ ಎಣಿಸಲು ಹೇಳಿ.

4. ನೆಲದ ಮೇಲೆ ಎರಡು ಮನೆ ಬರೆಯಿರಿ. ಎಡಕ್ಕೆ ‘ಹತ್ತು’, ಬಲಕ್ಕೆ ‘ಬಿಡಿ’. ಮೂರು ಕಟ್ಟು ಎಡಕ್ಕೆ, ಐದು ಕಡ್ಡಿ ಬಲಕ್ಕೆ ಇಡಿಸಿ, ಕೆಳಗೆ 3 ಮತ್ತು 5 ಬರೆಸಿ. “ಮೂರು ಹತ್ತು, ಐದು ಬಿಡಿ, ಮೂವತ್ತೈದು” ಎಂದು ಜೋರಾಗಿ ಹೇಳಿಸಿ.

5. ಬಿಡಿ ಕಡ್ಡಿಗಳನ್ನು ಒಂದೊಂದಾಗಿ ತೆಗೆಸಿ 30ಕ್ಕೆ ಬನ್ನಿ. ಬಲಗಡೆ ಮನೆ ಖಾಲಿಯಾಯಿತು, ಅಲ್ಲಿ 0 ಬರೆಸಿ. ಖಾಲಿ ಮನೆ ಅಂತ ಬಿಟ್ಟರೆ ಬರೀ 3 ಉಳಿಯುತ್ತದೆ, ಮೂವತ್ತು ಆಗುವುದಿಲ್ಲ.

6. ಕೂಡಿಸುವುದಕ್ಕೆ 24ಕ್ಕೆ 18 ಸೇರಿಸಿ ನೋಡಿ. ಬಿಡಿ ಮನೆಯಲ್ಲಿ ನಾಲ್ಕು, ಎಂಟು ಸೇರಿ ಹನ್ನೆರಡು ಕಡ್ಡಿ. ಹತ್ತನ್ನು ಕಟ್ಟಿ ಎಡಗಡೆಗೆ ದಾಟಿಸಲಿ, ಎರಡು ಉಳಿಯುತ್ತವೆ. ಎಡಗಡೆ ಎರಡು, ಒಂದು, ಈಗ ಬಂದದ್ದು ಒಂದು, ಒಟ್ಟು ನಾಲ್ಕು ಕಟ್ಟು: 42. ಪುಸ್ತಕದಲ್ಲಿ ಮಗು 312 ಎಂದು ಬರೆದಿದ್ದರೆ ಬಿಡಿ ಮನೆಯಲ್ಲೇ 12 ತುಂಬಿಸಿದೆ ಅಂತ ಅರ್ಥ. ಮತ್ತೆ ಕಡ್ಡಿಗೆ ಬನ್ನಿ. ಯಾವ ಮನೆಯಲ್ಲೂ ಹತ್ತು ಬಿಡಿ ಉಳಿಯಬಾರದು ಎಂಬುದೊಂದೇ ನಿಯಮ.

7. ಇಷ್ಟು ಹಿಡಿತಕ್ಕೆ ಬಂದ ಮೇಲಷ್ಟೇ ಕಲ್ಲು ತೆಗೆಯಿರಿ. ಕಡ್ಡಿಯ ಕಟ್ಟಿನಲ್ಲಿ ಹತ್ತು ಕಣ್ಣಿಗೆ ಕಾಣುತ್ತದೆ. ಕಲ್ಲು ಹಾಗಲ್ಲ, ಅದರ ಬೆಲೆ ಅದು ಕೂತ ಮನೆಯಿಂದಲೇ ಬರುತ್ತದೆ. ಎಡಕ್ಕೆ ಮೂರು, ಬಲಕ್ಕೆ ಐದು ಕಲ್ಲಿಟ್ಟು 35 ಓದಿಸಿ. ಬಲಗಡೆಯ ಒಂದು ಕಲ್ಲನ್ನು ಎಡಕ್ಕೆ ಸರಿಸಿ, “ಈಗೆಷ್ಟು?” ಎಂದು ಕೇಳಿ. ಕಲ್ಲು ಆಗಲೂ ಎಂಟೇ, ಸಂಖ್ಯೆ ಮಾತ್ರ 44! ಮಗು ಬೆರಗಾದರೆ ಅಲ್ಲೇ ನಿಲ್ಲಿ, ನಾಲ್ಕಾರು ಸಲ ಸರಿಸಿ ಆಡಲಿ. ಇಡೀ ಪಾಠದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ಒಂದು ಎಚ್ಚರಿಕೆ: ದೊಡ್ಡ ಕಲ್ಲು, ಸಣ್ಣ ಕಲ್ಲು ಬೆರೆಸಿದರೆ ದೊಡ್ಡದೇ ಹತ್ತು ಎಂದುಕೊಳ್ಳುತ್ತದೆ, ಮನೆಯನ್ನು ನೋಡುವುದೇ ಇಲ್ಲ.

8. ತಪ್ಪುಗಳನ್ನು ಗಮನಿಸಿ. ಮೂವತ್ತೈದು ಎಂದರೆ 305 ಬರೆಯುವ ಮಗು ಕೇಳಿಸಿದ್ದನ್ನೇ ಬರೆಯುತ್ತಿದೆ: ಮೂವತ್ತಕ್ಕೆ 30, ಐದಕ್ಕೆ 5. ಬೈಯಬೇಡಿ. ಒಂದು ಮನೆಗೆ ಒಂದೇ ಅಂಕಿ ಎಂದು ಮನೆಗಳ ಒಳಗೇ ಬರೆಸಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಕಲಿಯುವ ಚೆನ್ನೈ ಮಕ್ಕಳು 90ರಲ್ಲಿ ತಡವರಿಸಿದರೆ ಇನ್ನೊಂದು ಕಾರಣವೂ ಇರಬಹುದು. ತಮಿಳಿನ ‘ತೊಣ್ಣೂರು’ ಕಿವಿಗೆ ನೂರಿನಂತೆ ಕೇಳಿಸುತ್ತದೆ. ಒಂಬತ್ತು ಕಲ್ಲನ್ನು ಹತ್ತರ ಮನೆಯಲ್ಲಿಟ್ಟು “ಒಂಬತ್ತು ಹತ್ತು” ಎನ್ನಿಸಿ, ಆಮೇಲೆ ಎರಡೂ ಭಾಷೆಯ ಹೆಸರು ಹೇಳಿಸಿ.

9. ಕೊನೆಗೆ ಹದಿನಾರು ಕಡ್ಡಿಗಳನ್ನು ಬಿಡಿಯಾಗಿ ಇಟ್ಟು 16 ಬರೆಸಿ. 6ರ ಮೇಲೆ ಬೆರಳಿಟ್ಟು, “ಇದರಷ್ಟು ಕಡ್ಡಿ ತೋರಿಸು” ಎನ್ನಿ, ಆರು ತೋರಿಸುತ್ತದೆ. ಈಗ 1ರ ಮೇಲೆ ಬೆರಳಿಟ್ಟು ಅದೇ ಕೇಳಿ. ತುಂಬ ಮಕ್ಕಳು ಒಂದೇ ಕಡ್ಡಿ ಎತ್ತುತ್ತಾರೆ, ಉಳಿದ ಒಂಬತ್ತು ಅನಾಥವಾಗಿ ಬಿದ್ದಿರುತ್ತವೆ. ಹಾಗಾದರೆ ಮೂರನೇ ಹಂತಕ್ಕೆ ಹಿಂದಿರುಗಿ. ಹತ್ತು ಕಡ್ಡಿಯನ್ನೂ ಸರಿಸಿ ತೋರಿಸಿದ ಮೇಲೆ ನೂರರ ಮನೆ ಬರೆಯಿರಿ, ಅದಕ್ಕೆ ಮುಂಚೆ ಬೇಡ.