ಮಾಸ್ಕ್ ಹಾಕಿದರೂ ಅಮ್ಮನ ಮುಖ ಬದಲಾಯಿತೇ?

ಅಮ್ಮನ ಫೋಟೋದ ಹಿನ್ನೆಲೆ ಮಾತ್ರ ಜಲವರ್ಣವಾಗಬೇಕಿತ್ತು, ಆದರೆ ಕಣ್ಣಿನ ಹೊಳಪು ಹೋಗಿ ಚರ್ಮ ಮೇಣದಂತಾಯಿತು ಎಂದು ಬರೆದಿದ್ದೀರಿ. ನಿಮ್ಮ ಮಾಸ್ಕ್ ಸರಿಯಾಗಿಯೇ ಇದೆ. ಸ್ಟೇಬಲ್ ಡಿಫ್ಯೂಷನ್ ಇಡೀ ಫೋಟೋವನ್ನು ಉದ್ದಗಲಗಳಲ್ಲಿ 8ನೇ ಒಂದು ಭಾಗಕ್ಕೆ ಕುಗ್ಗಿಸಿ, ಕೊನೆಗೆ ಮತ್ತೆ ಬಿಡಿಸುತ್ತದೆ. ಮಾಸ್ಕ್ ತಡೆಯುವುದು ನಡುವಿನ ಬಣ್ಣ ಬಳಿಯುವ ಕೆಲಸವನ್ನು ಮಾತ್ರ. ಕುಗ್ಗಿಸಿ ಬಿಡಿಸುವಾಗ ರೆಪ್ಪೆ, ಸುಕ್ಕು, ಮೂಗುತಿಯ ಹರಳಿನಂಥ ಸಣ್ಣ ವಿವರಗಳು ಕಳೆದುಹೋಗುತ್ತವೆ.

ಹಾಗಾಗಿ ಮುಖವನ್ನು ಕೊನೆಯಲ್ಲಿ ಮೂಲ ಫೋಟೋದಿಂದಲೇ ತರಬೇಕು. ನೀವು ಬಳಸುತ್ತಿರುವ ComfyUIನಲ್ಲಿ ಚಿತ್ರ ಬಿಡಿಸಿದ ಮೇಲೆ ImageCompositeMasked ಸೇರಿಸಿ. destinationಗೆ ಮೂಲ ಫೋಟೋ, sourceಗೆ ಹೊಸ ಚಿತ್ರ, maskನಲ್ಲಿ ಹಿನ್ನೆಲೆ ಬಿಳಿ, ಅಮ್ಮ ಕಪ್ಪು. ಫೋಟೋದ ಅಗಲ, ಎತ್ತರ ಎರಡೂ 8ರಿಂದ ಭಾಗವಾಗುವಂತೆ ಮೊದಲೇ ಕತ್ತರಿಸಿಕೊಳ್ಳಿ. ಇಲ್ಲವಾದರೆ ಅಂಚು ಒಂದೆರಡು ಪಿಕ್ಸೆಲ್ ಸರಿದು, ಕೆನ್ನೆಯ ಪಕ್ಕದಲ್ಲಿ ಜೋಡಿ ಗೆರೆ ಕಾಣಿಸುತ್ತದೆ.

ನಿಜವಾದ ಕಷ್ಟ ಕೂದಲಿನದು. ಬಿಡಿ ಎಳೆಗಳ ನಡುವೆ ಹಳೆಯ ಗೋಡೆಯ ಬಣ್ಣ ಉಳಿದು, ತಲೆಯ ಸುತ್ತ ಮಂಕು ಪ್ರಭಾವಳಿ ಮೂಡುತ್ತದೆ. ಮಾಸ್ಕ್‌ನ ಗಡಿಯನ್ನು ಕೂದಲಿನ ಒಳಕ್ಕೇ ಸ್ವಲ್ಪ ತಳ್ಳಿ, ಅಲ್ಲಿ ಮಾತ್ರ ಅಂಚನ್ನು ಅಗಲವಾಗಿ ಮಸುಕಾಗಿಸಿ. ಹೊರಗಿನ ಎಳೆಗಳು ಕುಂಚದ ಗೆರೆಗಳಾಗಲಿ. ದವಡೆ, ಭುಜಗಳ ಅಂಚು ಮಾತ್ರ ಚೂಪಾಗಿಯೇ ಇರಬೇಕು.

denoise 0.7ರ ಆಸುಪಾಸಿನಿಂದ ಆರಂಭಿಸಿ. ಫೋಟೋದ ಎಡಬದಿಯಿಂದ ಅಮ್ಮನ ಕೆನ್ನೆಗೆ ಕಿಟಕಿಯ ಬೆಳಕು ಬಿದ್ದಿದ್ದರೆ, ಎಡದಿಂದ ಬೆಳಕು ಎಂದು ಸೂಚನೆಯಲ್ಲಿ ಬರೆಯಿರಿ. ಬೆಳಕು ಹೊಂದದಿದ್ದರೆ ಎಷ್ಟೇ ನಾಜೂಕಾದ ಮಾಸ್ಕ್ ಇದ್ದರೂ ಮುಖ ಕತ್ತರಿಸಿ ಅಂಟಿಸಿದಂತೆಯೇ ಕಾಣುತ್ತದೆ.